ಪೊಟ್ಟಣದ ಮೇಲಿನ ಕಥೆಗೆ ಪುರಾವೆ ಇದೆಯೇ?

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾಸ್ಟ್ ಸಹೋದರರ ಚಾಕೊಲೇಟ್ ಹೆಸರುವಾಸಿಯಾಗಿತ್ತು. ಕೋಕೋ ಬೀಜ ಹುರಿಯುವುದರಿಂದ ಹಿಡಿದು ಎಲ್ಲವೂ ತಮ್ಮದೇ ಕೈಕೆಲಸ ಎಂಬುದು ಅವರ ಕಥೆ. 2015ರಲ್ಲಿ ಇದನ್ನು ಪ್ರಶ್ನಿಸಿದಾಗ, ಆರಂಭದಲ್ಲಿ ಬೇರೆಯವರ ಸಿದ್ಧ ಚಾಕೊಲೇಟನ್ನೂ ಕರಗಿಸಿ ಬಳಸಿದ್ದಾಗಿ ಅವರೇ ಒಪ್ಪಿಕೊಂಡರು.

ಕರಗಿಸಿದ್ದು ತಪ್ಪಾಗಿರಲಿಲ್ಲ. ಅದನ್ನು ಕಥೆಯಲ್ಲಿ ಹೇಳದೆ ಬಿಟ್ಟದ್ದು ಪೆಟ್ಟು ಕೊಟ್ಟಿತು.

ಧಾರವಾಡದ ಮನೆಯೊಂದರಲ್ಲಿ ಶೇಂಗಾ ಚಟ್ನಿಪುಡಿ ತಯಾರಾಗುತ್ತದೆ ಎಂದುಕೊಳ್ಳಿ. ಪೊಟ್ಟಣದ ಮೇಲೆ ‘ಅಜ್ಜಿಯ ನೂರು ವರ್ಷದ ಗುಟ್ಟು’ ಎಂದು ಬರೆದರೆ ಯಾರೂ ಪರೀಕ್ಷಿಸಲಾರರು, ಹಾಗಾಗಿ ನಂಬುವುದೂ ಕಷ್ಟ. ‘2019ರಲ್ಲಿ ನೆರೆಮನೆಯವರಿಗಾಗಿ ಶುರು ಮಾಡಿದೆವು. ಈಗ ಶೇಂಗಾ ಯಂತ್ರದಲ್ಲಿ ಹುರಿಯುತ್ತೇವೆ, ಖಾರದ ಹದ ಮಾತ್ರ ಅಮ್ಮನೇ ನೋಡುತ್ತಾರೆ’ ಎಂದರೆ ಇಸವಿ, ಕೆಲಸ, ಬದಲಾವಣೆ ಮೂರೂ ಕಾಣುತ್ತವೆ. ಯಂತ್ರವನ್ನು ಒಪ್ಪಿಕೊಂಡ ಮಾತೇ ಅಮ್ಮನ ಮಾತಿಗೂ ತೂಕ ತರುತ್ತದೆ.

ಪೊಟ್ಟಣಕ್ಕೆ ಇಂಥ ಎರಡು ಮೂರು ವಾಕ್ಯ ಸಾಕು. ಮೊದಲ ಬಿಲ್ಲು, ಹಳೆಯ ಫೋಟೊ, ಶೇಂಗಾ ಕೊಂಡ ಊರಿನ ಹೆಸರು ವೆಬ್‌ಸೈಟಿಗೆ ಹೋಗಲಿ. ಅಚ್ಚಿಗೆ ಕಳಿಸುವ ಮುನ್ನ ಪ್ರತಿ ವಾಕ್ಯದ ಎದುರು ಅದರ ಪುರಾವೆ ಬರೆದುಕೊಳ್ಳಿ. ಪುರಾವೆ ಸಿಗದ ವಾಕ್ಯವನ್ನು ಹೊಡೆದುಹಾಕಿ.