ಶಿಕ್ಷಣ ಸಾಲವನ್ನು ಮಕ್ಕಳು ಕಟ್ಟದಿದ್ದರೆ ಅಪ್ಪ-ಅಮ್ಮನಿಗೆ ಸಂಬಂಧವಿಲ್ಲವೇ? ಫಾರ್ವರ್ಡ್ ಹೇಳದ ಸತ್ಯ ಇಲ್ಲಿದೆ

"ಶಿಕ್ಷಣ ಸಾಲ ವಿದ್ಯಾರ್ಥಿಯ ಹೆಸರಲ್ಲಿ ಇರುತ್ತದೆ. ಅದಕ್ಕೆ ಸರ್ಕಾರದ ಗ್ಯಾರಂಟಿ ಇದೆ. ಕೆಲಸ ಸಿಗುವವರೆಗೆ ಕಟ್ಟಬೇಕಾಗಿಲ್ಲ. ಪೋಷಕರನ್ನು ಬ್ಯಾಂಕ್ ಮುಟ್ಟುವಂತಿಲ್ಲ. ಎಲ್ಲರಿಗೂ ಶೇರ್ ಮಾಡಿ."

ಇಂಥದ್ದೊಂದು ಸಂದೇಶ ನಿಮ್ಮ ಕುಟುಂಬದ ಗ್ರೂಪಿಗೂ ಬಂದಿರಬಹುದು. ಇದರಲ್ಲಿರುವ ನಾಲ್ಕು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಇದನ್ನು ನಂಬಿ ಮೂರು ತಿಂಗಳು ಸುಮ್ಮನೆ ಕುಳಿತರೆ ಅದರ ಪೆಟ್ಟು ಮಕ್ಕಳಿಗಿಂತ ಮೊದಲು ಊರಲ್ಲಿರುವ ಅಪ್ಪ-ಅಮ್ಮನಿಗೆ ಬೀಳುತ್ತದೆ. ಹೇಗೆ ಎಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಒಂದು ಮನೆಯ ಲೆಕ್ಕ

ಬೆಳ್ತಂಗಡಿ ತಾಲೂಕಿನ ಒಂದು ಮನೆ ಎಂದುಕೊಳ್ಳಿ. ಅಪ್ಪನಿಗೆ ಒಂದು ಎಕರೆ ಅಡಿಕೆ ತೋಟ, ಅಮ್ಮ ಬೀಡಿ ಕಟ್ಟುತ್ತಾರೆ. ಮಗಳು ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದಿದಳು. ಸಾಲ 4 ಲಕ್ಷ ರೂಪಾಯಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಕಾಲೇಜಿಗೆ ಪಾವತಿಯಾಯಿತು. ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದೇ ಮೊರಟೋರಿಯಂ. ಆದರೆ ಬಿಡುವು ಕಂತಿಗೆ ಮಾತ್ರ, ಬಡ್ಡಿಗಲ್ಲ. ಈ ಅವಧಿಯಲ್ಲಿ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000 ರೂ., ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1.40 ಲಕ್ಷ ರೂ. ಕಂತು ಶುರುವಾಗುವ ದಿನ ಮಗಳ ಸಾಲ 4 ಲಕ್ಷವಲ್ಲ, 5.40 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 7,136 ರೂ.

ಪೋಷಕರ ವಾರ್ಷಿಕ ಆದಾಯ 4.5 ಲಕ್ಷ ರೂ. ಒಳಗಿದ್ದರೆ ಮತ್ತು ಕೋರ್ಸು ಅರ್ಹವಾಗಿದ್ದರೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಸಬ್ಸಿಡಿ ಯೋಜನೆ ಇದೆ. ಅದು ತಾನಾಗಿ ಬರುವುದಿಲ್ಲ. ಆದಾಯ ಪ್ರಮಾಣಪತ್ರ ಕೊಟ್ಟು ಬ್ಯಾಂಕಿನ ಮೂಲಕವೇ ಪಡೆಯಬೇಕು. ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಸಬ್ಸಿಡಿ ಜಮೆಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

"ಕೆಲಸ ಸಿಗುವವರೆಗೆ" ಎಂಬ ಮಾತಿನ ತಪ್ಪು ಇಲ್ಲಿದೆ. ಮೊರಟೋರಿಯಂ ಎಣಿಕೆಯಾಗುವುದು ಕೋರ್ಸ್ ಮುಗಿದ ದಿನದಿಂದ. ಕೆಲಸ ಸಿಗಲಿ, ಬಿಡಲಿ, ಮಂಜೂರಾತಿ ಪತ್ರದಲ್ಲಿರುವ ದಿನಾಂಕಕ್ಕೆ ಕಂತು ಶುರುವಾಗುತ್ತದೆ. ಪರೀಕ್ಷೆ ಬಾಕಿ ಉಳಿದು ಕೋರ್ಸು ಮುಗಿಯುವುದು ತಡವಾದರೆ ಬ್ಯಾಂಕ್ ಹೆಚ್ಚೆಂದರೆ ಎರಡು ವರ್ಷ ವಿಸ್ತರಿಸಬಹುದು. ಅದಕ್ಕೂ ಮೊದಲೇ ತಿಳಿಸಿ ಅನುಮತಿ ಪಡೆದಿರಬೇಕು.

ಅಪ್ಪ ಹಾಕಿದ ಸಹಿ ಯಾವುದು?

"ನಾನು ಬರೀ ಸೈನ್ ಹಾಕಿದ್ದು ಮಾರಾಯ್ರೇ" ಎಂದು ಅನೇಕ ತಂದೆ-ತಾಯಂದಿರು ಹೇಳುತ್ತಾರೆ. ಆ ಸಹಿ ಸಾಕ್ಷಿಯ ಸಹಿಯಲ್ಲ. ಮಾದರಿ ಯೋಜನೆಯಲ್ಲಿ ಪೋಷಕರು ಜಂಟಿ ಸಾಲಗಾರರು. ಅಂದರೆ ಕಾಗದದಲ್ಲಿ ಮಗಳು ಎಷ್ಟು ಸಾಲಗಾರಳೋ ಅಪ್ಪನೂ ಅಷ್ಟೇ ಸಾಲಗಾರ.

1872ರ ಭಾರತೀಯ ಒಪ್ಪಂದ ಕಾಯ್ದೆಯ 43ನೇ ಕಲಂ ಪ್ರಕಾರ, ಇಬ್ಬರು ಸೇರಿ ಮಾತು ಕೊಟ್ಟಿದ್ದರೆ ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. "ಮೊದಲು ಮಗಳನ್ನು ಕೇಳಿ, ಆಮೇಲೆ ನನ್ನ ಬಳಿ ಬನ್ನಿ" ಎನ್ನುವ ಹಕ್ಕು ಅಪ್ಪನಿಗಿಲ್ಲ. ಅರ್ಧರ್ಧ ಎಂಬ ಲೆಕ್ಕವೂ ಬ್ಯಾಂಕಿಗೆ ಅನ್ವಯಿಸದು. ಜಾಮೀನು ಹಾಕಿದ ಸಂಬಂಧಿಕರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಬರೆದಿರದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ.

ಹಾಗಾದರೆ ಸರ್ಕಾರದ ಗ್ಯಾರಂಟಿ? 7.5 ಲಕ್ಷ ರೂ.ವರೆಗಿನ ಶಿಕ್ಷಣ ಸಾಲಗಳಿಗೆ 2015ರಿಂದ ಒಂದು ಸಾಲ ಖಾತರಿ ನಿಧಿ ಇರುವುದು ನಿಜ. ಸುಸ್ತಿಯಾದ ಮೊತ್ತದ ಶೇ. 75ರಷ್ಟನ್ನು ಅದು ಬ್ಯಾಂಕಿಗೆ ಕೊಡುತ್ತದೆ. ಇದು ಬ್ಯಾಂಕಿನ ನಷ್ಟಕ್ಕೆ ರಕ್ಷಣೆ, ನಿಮ್ಮ ಸಾಲಕ್ಕೆ ಮನ್ನಾ ಅಲ್ಲ. ಹಣ ಪಡೆದ ಮೇಲೂ ಬ್ಯಾಂಕ್ ವಸೂಲಿ ಮುಂದುವರಿಸಬೇಕು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಗೊಂದಲವೂ ಇದೆ. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬ್ಯಾಂಕಿನ ಬೋರ್ಡು ಬದಲಾದರೂ ಸಾಲ ಹೊಸ ಬ್ಯಾಂಕಿಗೆ ಹಾಗೇ ವರ್ಗವಾಗಿದೆ. ಹಳೆಯ ಪಾಸ್‌ಬುಕ್ ಹಿಡಿದು ವಿಲೀನವಾದ ಬ್ಯಾಂಕಿನ ಶಾಖೆಯಲ್ಲಿ ಹೊಸ ಖಾತೆ ಸಂಖ್ಯೆ ಕೇಳಿ.

90 ದಿನಗಳಲ್ಲಿ ಏನಾಗುತ್ತದೆ?

ಮಗಳ ಕಂತಿನ ದಿನ ಜುಲೈ 5 ಎಂದುಕೊಳ್ಳಿ. ಅವಳಿಗೆ ಕೆಲಸ ಸಿಕ್ಕಿಲ್ಲ, ಆ ತಿಂಗಳು ಕಟ್ಟಲಿಲ್ಲ. ಬಾಕಿ 90 ದಿನ ದಾಟಿದರೆ, ಅಂದರೆ ಅಕ್ಟೋಬರ್ ಮೊದಲ ವಾರದಲ್ಲಿ, ರಿಸರ್ವ್ ಬ್ಯಾಂಕ್ ನಿಯಮದಂತೆ ಆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಒಂದು ಕಂತು ಕಟ್ಟಿದರೆ ಸಾಲ ಸರಿಹೋಗುವುದಿಲ್ಲ. ಬಾಕಿ ಉಳಿದ ಅಸಲು, ಬಡ್ಡಿ ಎಲ್ಲವನ್ನೂ ಕಟ್ಟಿದ ಮೇಲೆಯೇ ಎನ್‌ಪಿಎ ಪಟ್ಟಿಯಿಂದ ಹೊರಬರಬಹುದು.

ಅಪ್ಪ ಜಂಟಿ ಸಾಲಗಾರರಾದ ಕಾರಣ ಈ ಸುಸ್ತಿ ಅವರ ಸಿಬಿಲ್ ವರದಿಯಲ್ಲೂ ಕಾಣಿಸುತ್ತದೆ. ಮುಂದೆ ಅವರು ಮನೆ ಸಾಲಕ್ಕೋ ತಮ್ಮನ ಮಗನ ಬೈಕ್ ಸಾಲದ ಜಾಮೀನಿಗೋ ಹೋದಾಗ ಬ್ಯಾಂಕ್ ಮೊದಲು ನೋಡುವುದು ಅದನ್ನೇ.

ತೋಟ, ಮನೆ ಹೋಗುತ್ತದೆಯೇ ಎಂಬುದು ಎಲ್ಲರ ಭಯ. ನಮ್ಮ ಉದಾಹರಣೆಯ 4 ಲಕ್ಷದ ಸಾಲಕ್ಕೆ ಆಸ್ತಿ ಅಡವು ಇಲ್ಲ. ಹಾಗಾಗಿ ಬ್ಯಾಂಕ್ ನೇರವಾಗಿ ಬಂದು ಬೀಗ ಹಾಕುವಂತಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಡಿಕ್ರಿ ಪಡೆಯಬೇಕು. ಡಿಕ್ರಿ ಬಂದ ಮೇಲೆ ಅಪ್ಪನ ಆಸ್ತಿಯನ್ನೂ ಜಪ್ತಿಗೆ ಕೇಳಬಹುದು ಎಂಬುದು ನೆನಪಿರಲಿ.

7.5 ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡವು ಇರುತ್ತದೆ. ಅಡವಿಟ್ಟ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ, 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿಗೆ ದಾವೆ ಹಾಕದೆಯೇ ಬ್ಯಾಂಕ್ ವಶಪಡಿಸಿಕೊಳ್ಳಬಹುದು. ಕೃಷಿ ಭೂಮಿಗೆ ಈ ಕಾಯ್ದೆಯ 31ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಮಾತ್ರ ಸಾಲದು, ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿನಾಯಿತಿ ಸಿಕ್ಕರೂ ಸಾಲ ಉಳಿದೇ ಇರುತ್ತದೆ. ಬ್ಯಾಂಕಿಗೆ ಕೋರ್ಟಿನ ದಾರಿ ತೆರೆದಿರುತ್ತದೆ.

"ಕಟ್ಟದಿದ್ದರೆ ಜೈಲು" ಎಂಬ ಎದುರು ಫಾರ್ವರ್ಡ್ ಕೂಡ ತಪ್ಪು. ದುಡ್ಡಿಲ್ಲದೆ ಕಂತು ತಪ್ಪುವುದು ಸಿವಿಲ್ ವಿಷಯ. ಆದರೆ ಬಾಕಿಗೆಂದು ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಬೇರೆ ಅಪರಾಧ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆದುಕೊಡಬೇಡಿ.

ಕಟ್ಟಲಾಗದಿದ್ದರೆ ಕೇಳಬಹುದಾದದ್ದು

ಬ್ಯಾಂಕಿಗೆ ಹೋಗಬೇಕಾದದ್ದು ಮೊದಲ ಕಂತು ತಪ್ಪುವ ಮೊದಲು ಅಥವಾ ತಪ್ಪಿದ ತಿಂಗಳಲ್ಲೇ. 90 ದಿನದ ಒಳಗೆ ದಾರಿಗಳು ಹೆಚ್ಚು.

ಒಂದು, ನಿರುದ್ಯೋಗದ ಬಿಡುವು. ಕೆಲಸವಿಲ್ಲದ ಅಥವಾ ತೀರಾ ಕಡಿಮೆ ಸಂಬಳದ ಅವಧಿಗೆ, ಸಾಲದ ಆಯುಷ್ಯದಲ್ಲಿ ಎರಡು-ಮೂರು ಬಾರಿ ಮೊರಟೋರಿಯಂ ಕೊಡಬಹುದು ಎಂದು ಮಾದರಿ ಯೋಜನೆಯಲ್ಲೇ ಇದೆ. ಇದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ನಮ್ಮ ಹಕ್ಕಲ್ಲ. ಹಾಗಾಗಿ ಬರೆದು ಕೇಳಬೇಕು. ನಮ್ಮ ಉದಾಹರಣೆಯಲ್ಲಿ ತಿಂಗಳ ಬಡ್ಡಿ 4,500 ರೂ. ಆರು ತಿಂಗಳ ಬಿಡುವಿಗೆ ಸಾಲ 27,000 ರೂ.ಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬಡ್ಡಿಯನ್ನಾದರೂ ಕಟ್ಟುತ್ತಾ ಹೋದರೆ ಸಾಲ ಬೆಳೆಯುವುದಿಲ್ಲ.

ಎರಡು, ಅವಧಿ ವಿಸ್ತರಣೆ. ಮರುಪಾವತಿಗೆ 15 ವರ್ಷದವರೆಗೆ ಅವಕಾಶವಿದೆ. 5.40 ಲಕ್ಷಕ್ಕೆ ಹತ್ತು ವರ್ಷವಾದರೆ ಕಂತು 7,136 ರೂ., ಹದಿನೈದು ವರ್ಷವಾದರೆ ಸುಮಾರು 5,803 ರೂ. ತಿಂಗಳಿಗೆ 1,333 ರೂ. ಹಗುರ. ಆದರೆ ಕೊನೆಗೆ ಒಟ್ಟು ಕಟ್ಟುವ ಮೊತ್ತ ಸುಮಾರು 1.88 ಲಕ್ಷ ಹೆಚ್ಚು.

ಮೂರು, ಏರುವ ಕಂತು. ಮೊದಲ ವರ್ಷಗಳಲ್ಲಿ ಕಡಿಮೆ, ಸಂಬಳ ಏರಿದಂತೆ ಹೆಚ್ಚು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ಹೊಂದುತ್ತದೆ.

ಅರ್ಜಿಯಲ್ಲಿ ಸಾಲದ ಖಾತೆ ಸಂಖ್ಯೆ, ಕೋರ್ಸ್ ಮುಗಿದ ದಿನ, ಈಗಿನ ಆದಾಯ, ಎಷ್ಟು ತಿಂಗಳ ಬಿಡುವು ಅಥವಾ ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂಬುದನ್ನು ಬರೆಯಿರಿ. ಮಗಳೂ ಅಪ್ಪನೂ ಇಬ್ಬರೂ ಸಹಿ ಹಾಕಿ, ಒಂದು ಪ್ರತಿಗೆ ಶಾಖೆಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. "ಮ್ಯಾನೇಜರ್ ಹತ್ತಿರ ಬಾಯಲ್ಲಿ ಹೇಳಿದ್ದೇನೆ" ಎಂಬುದಕ್ಕೆ ಮ್ಯಾನೇಜರ್ ವರ್ಗವಾದ ಮೇಲೆ ಬೆಲೆಯಿಲ್ಲ. ಒಪ್ಪಿಗೆ ಸಿಕ್ಕರೆ ಹೊಸ ಕಂತಿನ ಪಟ್ಟಿಯನ್ನು ಕೇಳಿ ಪಡೆಯಿರಿ. ಈ ಬದಲಾವಣೆ ಸಿಬಿಲ್ ವರದಿಯಲ್ಲಿ ಹೇಗೆ ದಾಖಲಾಗುತ್ತದೆ ಎಂದೂ ಮೊದಲೇ ಕೇಳಿ.

ಈಗಾಗಲೇ ಎನ್‌ಪಿಎ ಆಗಿದ್ದು ಬಾಕಿಯನ್ನೆಲ್ಲ ಕಟ್ಟಲಾಗದಿದ್ದರೆ ಒಂದೇ ಬಾರಿಯ ಇತ್ಯರ್ಥ ಅಥವಾ ಲೋಕ ಅದಾಲತ್‌ನ ದಾರಿಯೂ ಇದೆ. ಬಡ್ಡಿಯಲ್ಲಿ ರಿಯಾಯಿತಿ ಸಿಗಬಹುದು, ಆದರೆ ಸಿಬಿಲ್‌ನಲ್ಲಿ "ಪೂರ್ತಿ ತೀರಿದೆ" ಎಂಬ ಬದಲು "ಸೆಟಲ್ಡ್" ಎಂದು ಬರುತ್ತದೆ. ಲೋಕ ಅದಾಲತ್‌ನಲ್ಲಿ ಒಪ್ಪಿದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ನಿಜವಾಗಿ ಕಟ್ಟಬಲ್ಲ ಮೊತ್ತಕ್ಕೆ ಮಾತ್ರ ಸಹಿ ಹಾಕಿ.

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವಂತಿಲ್ಲ. ಅಂಥದ್ದಕ್ಕೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ cms.rbi.org.in ತಾಣದಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು.

ಇವನ್ನೂ ಫಾರ್ವರ್ಡ್ ಮಾಡಬೇಡಿ

"ರಿಸರ್ವ್ ಬ್ಯಾಂಕ್ ಎಲ್ಲ ಕಂತುಗಳಿಗೆ ಆರು ತಿಂಗಳ ಬಿಡುವು ಕೊಟ್ಟಿದೆ" ಎಂಬುದು 2020ರ ಕೊರೊನಾ ಕಾಲದ ಸುದ್ದಿ. ಆ ಬಿಡುವು 2020ರ ಆಗಸ್ಟ್ 31ಕ್ಕೇ ಮುಗಿದಿದೆ. "ಶಿಕ್ಷಣ ಸಾಲದ ಬಹುಪಾಲು ಸರ್ಕಾರವೇ ಕಟ್ಟುತ್ತದೆ" ಎಂದು ಗಡಿಯಾಚೆಯಿಂದ ಬರುವ ಸಂದೇಶದ ಬೇರು ಕೇರಳ ಸರ್ಕಾರ 2017ರಲ್ಲಿ ತಂದ ನೆರವಿನ ಯೋಜನೆ. ಅದು ಆ ರಾಜ್ಯದವರಿಗೆ, ಷರತ್ತುಗಳೊಂದಿಗೆ ಇದ್ದದ್ದು. ಬಂಟ್ವಾಳದ ಸಾಲಕ್ಕೆ ಅದು ಅನ್ವಯಿಸುವುದಿಲ್ಲ.

ನಮ್ಮ ತೀರ್ಮಾನ: ಪೋಷಕರಿಗೆ ಸಂಬಂಧವಿಲ್ಲ ಎಂಬ ಸಂದೇಶ ತಪ್ಪು. ಜಂಟಿ ಸಾಲಗಾರರಾಗಿ ಸಹಿ ಹಾಕಿದ ಅಪ್ಪ ಅಥವಾ ಅಮ್ಮ ಪೂರ್ತಿ ಸಾಲಕ್ಕೆ ಹೊಣೆ. ಮೊರಟೋರಿಯಂ ಮನ್ನಾ ಅಲ್ಲ. ಕಂತು ಕಟ್ಟಲಾಗದಿದ್ದರೆ 90 ದಿನ ತುಂಬುವ ಮೊದಲು ಲಿಖಿತ ಅರ್ಜಿ ಕೊಡಿ. ಈ ಸಂದೇಶ ಕಳಿಸಿದ ಗ್ರೂಪಿಗೇ ಈ ಮಾಹಿತಿಯನ್ನೂ ಕಳಿಸಿ.