‘ನಾನು ಚಿಣ್ಣ ಅಲ್ಲ ಕನಕ್ಕಾ!’

ಬ್ಯಾನರ್ ಕಟ್ಟಿದ ಮೊದಲ ಭಾನುವಾರವೇ ಐದನೇ ಕ್ಲಾಸಿನ ಆ ಹುಡುಗ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತ, ಬ್ಯಾನರ್ ನೋಡಿದ, ಪಕ್ಕದಲ್ಲಿದ್ದ ತಂಗಿಯ ಹತ್ತಿರ ಏನೋ ಕೇಳಿದ. ಅವಳು ಓದಿ ಹೇಳಿದಳು. ಅಷ್ಟೇ, ಹೊಳೆ ಕಡೆ ನಡೆದೇಬಿಟ್ಟ.

ಮುಂದಿನ ವಾರ ಅಂಗಡಿ ಮುಂದೆ ಸಿಕ್ಕಾಗ ಹಿಡಿದು ಕೇಳಿದೆ, ‘ಯಾಕೋ ಬರ್ಲಿಲ್ಲ?’

‘ಅದು ಪಾಪುಗಳ್ದು ಅಲ್ವಾ? ನಾನು ಚಿಣ್ಣ ಅಲ್ಲ ಕನಕ್ಕಾ.’

ನಮ್ಮ ಬ್ಯಾನರಿನಲ್ಲಿ ‘ಚಿಣ್ಣರ ಚಿಲಿಪಿಲಿ’ ಅಂತ ಇತ್ತು. ಸುತ್ತ ಬಲೂನು, ಒಂದು ಮೊಲ. ನಾಲ್ಕು ಜನ ಗೆಳೆಯರು ವಾಟ್ಸಾಪಿನಲ್ಲಿ ಹತ್ತು ನಿಮಿಷದಲ್ಲಿ ಒಪ್ಪಿಕೊಂಡ ಹೆಸರು ಅದು. ಮುದ್ದಾಗಿದೆ ಅಂದುಕೊಂಡಿದ್ದೆವು. ಆದರೆ ನಮಗೆ ಬೇಕಾಗಿದ್ದ ಮಗು ಯಾರು? ನಾಲ್ಕು, ಐದು, ಆರನೇ ಕ್ಲಾಸಿಗೆ ಬಂದರೂ ಸಲೀಸಾಗಿ ಓದಲು ಬಾರದ ಮಗು. ಕ್ಲಾಸಲ್ಲಿ ಪಾಠ ಓದೋ ಸರದಿ ತನ್ನ ಕಡೆ ಬರ್ತಿದ್ದ ಹಾಗೆ ‘ಸಾ, ನೀರು ಕುಡ್ಕೊಂಡ್ ಬತ್ತೀನಿ’ ಅಂತ ಎದ್ದು ಹೋಗುವ ಮಗು. ಅಂಥ ಹುಡುಗನಿಗೆ ಮೊಲದ ಚಿತ್ರ ಹಾಕಿ ‘ಚಿಣ್ಣ’ ಅಂದರೆ, ಅವನು ಇಷ್ಟು ದಿನ ಮುಚ್ಚಿಟ್ಟಿದ್ದನ್ನು ನಾವೇ ಊರಿಗೆಲ್ಲ ಸಾರಿದ ಹಾಗಾಯಿತು.

ನಾನು ಕೆಲಸ ಮಾಡೋದು ಮೈಸೂರಿನಲ್ಲಿ. ಊರು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕಪಿಲೆಯ ದಡ. ಶನಿವಾರ ರಾತ್ರಿ ಬಸ್ಸು ಹತ್ತಿ ಬಂದರೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ದೊಡ್ಡಪ್ಪನ ಮನೆ ಪಡಸಾಲೆಯಲ್ಲಿ ಓದಿನ ಗುಂಪು. 22 ಮಕ್ಕಳು, ಅದರಲ್ಲಿ 13 ಹೆಣ್ಣುಮಕ್ಕಳು. ಆ ವರ್ಷ ಅದನ್ನು ನೋಂದಣಿ ಮಾಡಿಸೋಣ ಅಂತ ಹೊರಟೆವು. ಪುಸ್ತಕಕ್ಕೆ ದುಡ್ಡು ಕೊಡೋಕೆ ಕೆಲವರು ತಯಾರಿದ್ದರು, ಸಂಸ್ಥೆಯ ಹೆಸರಿನ ಖಾತೆ ಬೇಕು ಅಂದರು. ಅಲ್ಲಿಂದ ಶುರುವಾಯಿತು ಹೆಸರಿನ ಪುರಾಣ.

ಬ್ಯಾನರ್ ಬಿಚ್ಚಿಸಿದ ಮೇಲೆ ಮೊದಲ ಸಲಹೆ ಬಂದದ್ದು ನಿವೃತ್ತ ಮೇಷ್ಟ್ರೊಬ್ಬರಿಂದ. ನನಗೂ ಪಾಠ ಹೇಳಿದವರು. ಒಂದು ಹಾಳೆಯಲ್ಲಿ ದುಂಡಗೆ ಬರೆದು ತಂದಿದ್ದರು: ‘ಹುಲ್ಲಹಳ್ಳಿ ಗ್ರಾಮೀಣ ಅಕ್ಷರ ಜ್ಞಾನ ಪ್ರಸಾರ ಪ್ರತಿಷ್ಠಾನ.’

‘ನೋಡವ್ವಾ, ನಾಳೆ ಶಾಲೆಗೆ ಹೋಗಿ ಮಕ್ಕಳನ್ನ ಕಳಿಸಿ ಅಂತ ಕೇಳ್ತೀರಿ. ಚಿಲಿಪಿಲಿ ಅಂದ್ರೆ ಯಾವ ಹೆಡ್‌ಮಾಸ್ಟ್ರು ಕಾಗದ ಕೊಡ್ತಾರೆ?’

ಅವರ ಮಾತಲ್ಲಿ ನಿಜ ಇತ್ತು. ತಂದೆ-ತಾಯಿಗೂ ಅಷ್ಟೇ. ಭಾನುವಾರ ಮಗನನ್ನ ಹೊಲದ ಕೆಲಸದಿಂದ ಬಿಡಿಸಿ ಕಳಿಸೋರಿಗೆ ಇದು ಆಟ ಅಲ್ಲ ಅಂತ ಗೊತ್ತಾಗಬೇಕು. ಆದರೆ ಆ ಹೆಸರನ್ನು ಬೋರ್ಡ್ ಮೇಲೆ ಬರೆದು ಮಕ್ಕಳ ಮುಂದೆ ಇಟ್ಟಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎಣಿಸಿ ನೋಡಿ, ಅದರಲ್ಲಿ ಎಂಟು ಒತ್ತಕ್ಷರ. ನಮ್ಮ ಗುಂಪಿನ ಅರ್ಧ ಮಕ್ಕಳು ಇನ್ನೂ ಕಾಗುಣಿತದಲ್ಲೇ ತಡವರಿಸುವವರು. ಒತ್ತಕ್ಷರ ಕಲಿಕೆಯ ಕೊನೆಯ ಮೆಟ್ಟಿಲು. ಅಂದರೆ ನಾವು ಹೇಳಿಕೊಡೋದನ್ನೆಲ್ಲ ಕಲಿತು ಮುಗಿಸಿದ ಮಗು ಮಾತ್ರ ನಮ್ಮ ಬೋರ್ಡು ಓದಬಲ್ಲದು! (ಹುಲ್ಲಹಳ್ಳಿ ಅನ್ನೋ ಪದ ಮಾತ್ರ ಎಲ್ಲರೂ ಥಟ್ಟನೆ ಹೇಳಿದರು. ಅದು ಓದಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಚಿತ್ರದ ಹಾಗೆ ಗುರುತಾಗಿರೋದು.)

ಇಲ್ಲಿ ನನಗೆ ನೆನಪಾದದ್ದು ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಹೆಸರು: ನಲಿ-ಕಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಕಲಿಕಾ ಕಾರ್ಡುಗಳ ಪದ್ಧತಿ ನೋಡಿ ಬಂದಿದ್ದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ನಿಮ್ಮಲ್ಲಿ ಕೆಲವರು ಆ ಚಾಪೆ ಮೇಲೆ ಕೂತೇ ಅಕ್ಷರ ಕಲಿತಿರಬಹುದು.

ಆ ಹೆಸರನ್ನ ಸ್ವಲ್ಪ ಬಿಡಿಸಿ ನೋಡಿ. ಎರಡು ಕ್ರಿಯಾಪದ. ಒಂದು ಸಂತೋಷಕ್ಕೆ, ಒಂದು ಕೆಲಸಕ್ಕೆ, ಎರಡೂ ಸಮ ತೂಕ. ಒತ್ತಕ್ಷರ ಇಲ್ಲ, ದೀರ್ಘ ಇಲ್ಲ. ಎರಡನೇ ಪದಕ್ಕೆ ಬದಲಾಗೋದು ಒಂದೇ ಅಕ್ಷರ. ‘ನ’, ‘ಕ’, ‘ಲ’ ಗೊತ್ತಿದ್ದು ಗುಡಿಸು ಹಾಕೋಕೆ ಬಂದರೆ ಮಗು ತನ್ನ ತರಗತಿಯ ಹೆಸರನ್ನ ತಾನೇ ಓದುತ್ತದೆ. ಅಲ್ಲಿನ ಅಕ್ಷರದ ಕ್ರಮವೂ ಇದೇ ಲೆಕ್ಕದ್ದು. ಅ, ಆ, ಇ, ಈ ಅಂತ ಹೋಗೋದಿಲ್ಲ. ರ, ಗ, ಸ, ದ, ಅ ಮೊದಲು. ಯಾಕಂದರೆ ಆ ಐದರಲ್ಲೇ ಸರ, ದರ, ಅರಸ, ಗರಗಸ ಅಂತ ನಿಜವಾದ ಪದಗಳು ಮೊದಲ ವಾರಗಳಲ್ಲೇ ಸಿಕ್ಕಿಬಿಡುತ್ತವೆ.

ಹಾಗಾಗಿ ನಮ್ಮ ಮೊದಲ ನಿಯಮ ಆಯಿತು: ಒತ್ತಕ್ಷರ ಬೇಡ.

ಗೆಳತಿಯೊಬ್ಬಳು ಒಂದು ಹೆಸರು ಹೇಳಿದಳು, ‘ಓದೋಣ ಬಾ.’ ಎಲ್ಲರಿಗೂ ಇಷ್ಟವಾಯಿತು. ಕರೆಯುವ ಹಾಗಿದೆ, ಮಗುವನ್ನ ಚಿಕ್ಕದು ಮಾಡೋದಿಲ್ಲ. ಇದೇ ಇರಲಿ ಅಂತ ನಮ್ಮ ಲೆಕ್ಕಪತ್ರ ನೋಡಿಕೊಳ್ಳುವ ಗೆಳೆಯನಿಗೆ ಕಳಿಸಿದೆವು. ಅವನು ಫೋನ್ ಮಾಡಿ ಬಿದ್ದು ಬಿದ್ದು ನಗ್ತಿದ್ದ.

‘ಏನೇ ಇದು, ಓಡೋಣ ಬಾ? ಯಾರ್ ಯಾರ ಜೊತೆ ಓಡೋದು?’

ನಾವು ಮರೆತಿದ್ದದ್ದು ಇದನ್ನೇ. ನೋಂದಣಿ, ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಎಲ್ಲ ಕಡೆ ಹೆಸರು ಹೋಗೋದು ಇಂಗ್ಲಿಷ್ ಅಕ್ಷರದಲ್ಲಿ. Odona Baa ಅಂತ ಬರೆದರೆ ಅದು ಓದೋಣವೂ ಹೌದು, ಓಡೋಣವೂ ಹೌದು. ಇಂಗ್ಲಿಷಿನ ಒಂದು d ನಮ್ಮ ‘ದ’ಕ್ಕೂ ‘ಡ’ಕ್ಕೂ ದುಡಿಯಬೇಕು. ಹೆಣ್ಣುಮಕ್ಕಳನ್ನ ನಂಬಿ ಕಳಿಸೋ ಊರಿನಲ್ಲಿ ರಸೀದಿ ಪುಸ್ತಕದ ಮೇಲೆ ‘ಓಡೋಣ ಬಾ’ ಅಂತ ಯಾರಾದರೂ ಓದಿದರೆ ಮುಗಿದೇ ಹೋಯಿತು.

ನೋಂದಣಿಯ ವಿಷಯ ಸ್ವಲ್ಪ ಹೇಳಿಬಿಡ್ತೀನಿ, ಈ ದಾರಿ ಹಿಡಿಯೋರಿಗೆ ಬೇಕಾಗುತ್ತೆ. ಕರ್ನಾಟಕದ 1960ರ ಕಾಯ್ದೆ ಪ್ರಕಾರ ಸಂಘ ಮಾಡೋಕೆ ಕನಿಷ್ಠ ಏಳು ಜನ ಬೇಕು, ನಾವಿದ್ದದ್ದು ನಾಲ್ಕು. ಹಾಗಾಗಿ ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿ ಅಂತ ತೀರ್ಮಾನಿಸಿದೆವು. ಅದಕ್ಕೆ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ SPICe+ ಅನ್ನೋ ಅರ್ಜಿಯ ಮೊದಲ ಭಾಗದಲ್ಲಿ ಹೆಸರು ಕೇಳಬೇಕು. ಒಂದು ಸಾವಿರ ರೂಪಾಯಿ, ಎರಡು ಹೆಸರು ಕೊಡಬಹುದು. ಒಪ್ಪಿದರೆ ಆ ಹೆಸರು 20 ದಿನ ನಿಮಗಾಗಿ ಕಾದಿರುತ್ತದೆ, ಅಷ್ಟರಲ್ಲಿ ಉಳಿದ ಅರ್ಜಿ ಮುಗಿಸಬೇಕು.

ಈಗಾಗಲೇ ಇರುವ ಹೆಸರಿಗೆ ಹತ್ತಿರವಿದ್ದರೆ ಕೊಡೋದಿಲ್ಲ. ಒಂದು ‘a’ ಹೆಚ್ಚು ಹಾಕಿದರೆ, ಎರಡು ಪದ ಕೂಡಿಸಿ ಬರೆದರೆ ಬೇರೆ ಹೆಸರಾಯಿತು ಅಂತ ಅವರು ಒಪ್ಪೋದಿಲ್ಲ. ಬೆಂಗಳೂರಿನಲ್ಲಿ 2000ದಿಂದ ಅಕ್ಷರ ಫೌಂಡೇಶನ್ ಇದೆ. ಹಾಗಾಗಿ ಅಕ್ಷರದ ಆಸೆ ಬಿಟ್ಟೆವು. ‘ಜಗಲಿ’ ಅಂತ ನಾನು ಬಹಳ ಆಸೆಪಟ್ಟಿದ್ದೆ, ಹುಡುಕಿದರೆ ಅದೂ ಬೇರೆಯವರ ಬಳಕೆಯಲ್ಲಿತ್ತು.

ಊರಿನ ಹೆಸರು ಇಡಲೇಬೇಕು ಅಂತ ದೊಡ್ಡಪ್ಪ ಹಟ ಹಿಡಿದರು. ರೂಮ್ ಟು ರೀಡ್ ಅನ್ನೋ ದೊಡ್ಡ ಸಂಸ್ಥೆ ಶುರುವಿನಲ್ಲಿ ‘ಬುಕ್ಸ್ ಫಾರ್ ನೇಪಾಳ್’ ಆಗಿತ್ತು, ಬೇರೆ ದೇಶಗಳಿಗೂ ಹೋಗುವಾಗ ಆ ಹೆಸರು ಉಳಿಯಲಿಲ್ಲ ಅಂತ ಹೇಳಿದೆ. ‘ನೀವು ಮೊದ್ಲು ಹೊಳೆ ದಾಟಿ, ಆಮೇಲ್ ದೇಶ ದಾಟೀರಿ’ ಅಂದರು. ಆದರೂ ಒಪ್ಪಿಕೊಂಡರು. ಆಚೆ ದಡದ ಮಕ್ಕಳಿಗೂ ಬರಬೇಕಲ್ಲ.

ಮುಂದೆ ಬಂದದ್ದು ‘ಗರಡಿ’. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ, ಅಷ್ಟು ಚೆನ್ನಾಗಿತ್ತು. ಗ, ರ ಮೊದಲ ಐದರಲ್ಲೇ ಇರುವ ಅಕ್ಷರ. ಮೈಸೂರು ಸೀಮೆಯಲ್ಲಿ ಗರಡಿಮನೆ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ದಿನಾ ಹೋಗಬೇಕು, ಬೆವರು ಸುರಿಸಬೇಕು, ಸೋತರೂ ನಾಚಿಕೆಯಿಲ್ಲ. ಐದನೇ ಕ್ಲಾಸಿನ ಆ ಹುಡುಗನಿಗೆ ಹೇಳಿದೆ. ತೋಳು ಮಡಚಿ ತೋರಿಸಿದ!

ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು, ‘ಗರಡಿಗೆ ಹೆಣ್ಮಕ್ಕಳನ್ನ ಯಾವಾಗ ಬಿಟ್ಟವ್ರೆ?’

22ರಲ್ಲಿ 13 ಜನ. ಕಾಲ ಬದಲಾಗಿದೆ, ನಾವೇ ಬದಲಾಯಿಸೋಣ ಅಂತ ವಾದ ಮಾಡಿದೆ. ಆದರೆ ಮುಂದಿನ ಭಾನುವಾರ ಹುಡುಗಿಯರನ್ನ ಕೇಳಿದಾಗ ಅವರು ಮುಸಿಮುಸಿ ನಕ್ಕು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಚಿಣ್ಣರ’ ಅನ್ನೋ ಪದ ಒಬ್ಬ ಹುಡುಗನಿಗೆ ಮಾಡಿದ್ದನ್ನೇ ಇದು ಇವರಿಗೆ ಮಾಡ್ತಿತ್ತು.

ಅವತ್ತು ಅಮ್ಮ ಇನ್ನೊಂದು ಮಾತು ಹೇಳಿದ್ದರು. ‘ಮಕ್ಳೆಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ಇಂಥಾ ಕಡೀಕ್ ಹೋಗವ್ರೆ ಅಂತ ಬಾಯಿಗೆ ಬರ್ಬೇಕು.’ ಹೆಸರಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಹೆಸರಿಗೆ ‘-ಗೆ’ ಹಚ್ಚಿ ನೋಡಿ. ‘ಪ್ರತಿಷ್ಠಾನಕ್ಕೆ ಹೋಗವ್ರೆ’ ಅಂತ ಯಾವ ಅಜ್ಜಿಯೂ ಹೇಳೋಲ್ಲ. ‘ಓದೋಣ ಬಾಗೆ ಹೋಗವ್ರೆ’ ಅನ್ನೋಕೆ ನಾಲಿಗೆ ತಿರುಗೋಲ್ಲ. ಹೆಸರು ವಾಕ್ಯವಾಗಿದ್ದರೆ ಪೋಸ್ಟರಿಗೆ ಚೆನ್ನ, ಮಾತಿಗೆ ಒಗ್ಗೋದಿಲ್ಲ. ಒಂದು ಜಾಗದ ಹೆಸರಾಗಿದ್ದರೆ ಸಲೀಸು.

ಆಗ ಸಿಕ್ಕಿದ್ದು ‘ಓದುಮನೆ’. ಆಲೆಮನೆ, ಅರಮನೆ ಇದ್ದ ಹಾಗೆ. ಒತ್ತಕ್ಷರ ಇಲ್ಲ. ‘ಓದುಮನೆಗೆ ಹೋಗವ್ರೆ’ ಅಂತ ಅಮ್ಮ ಎರಡು ಸಲ ಹೇಳಿ ನೋಡಿದರು. ನಿಜಕ್ಕೂ ಒಂದು ಮನೆಯಲ್ಲೇ ನಡೆಯೋದರಿಂದ ಸುಳ್ಳೂ ಅಲ್ಲ. ದ-ಡ ಗೊಂದಲ Odumane ಅಂದರೂ ಹೋಗೋದಿಲ್ಲ, ಆದರೆ ‘ಓಡುಮನೆ’ ಅಂತ ಓದಿದರೆ ಯಾರ ಮಾನವೂ ಹೋಗೋಲ್ಲ.

ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ‘ಗಾಂಭೀರ್ಯ ಎಲ್ಲವ್ವಾ?’ ಅದಕ್ಕೆ ಉತ್ತರ ಅರ್ಜಿಯಲ್ಲೇ ಇತ್ತು. ಸೆಕ್ಷನ್ 8 ಕಂಪನಿಯ ಹೆಸರಿನ ಕೊನೆಗೆ ಫೌಂಡೇಶನ್, ಅಸೋಸಿಯೇಶನ್, ಕೌನ್ಸಿಲ್ ಅಂಥದ್ದೊಂದು ಪದ ಇರಲೇಬೇಕು. ಕಾಗದದ ಮೇಲಿನ ತೂಕವನ್ನ ಆ ಬಾಲ ನೋಡಿಕೊಳ್ಳುತ್ತೆ. ಬೋರ್ಡಿನಲ್ಲಿ ಹೆಸರಿನ ಕೆಳಗೆ ಎರಡನೇ ಸಾಲು, ಸಣ್ಣಕ್ಷರದಲ್ಲಿ, ಇದ್ದದ್ದು ಇದ್ದ ಹಾಗೆ: ‘3ರಿಂದ 7ನೇ ತರಗತಿ ಮಕ್ಕಳಿಗೆ ಕನ್ನಡ ಓದು, ಪ್ರತಿ ಭಾನುವಾರ 9ರಿಂದ 11.’ ಆ ಸಾಲನ್ನು ಮೇಷ್ಟ್ರೇ ಬರೆದುಕೊಟ್ಟರು. ‘ಓದಲು ಬಾರದ’ ಅಂತ ನಾನು ಸೇರಿಸಿದ್ದನ್ನ ಅವರೇ ಹೊಡೆದು ಹಾಕಿದರು.

ಅರ್ಜಿಯ ಎರಡನೇ ಹೆಸರಿನ ಜಾಗದಲ್ಲಿ ಇನ್ನೂ ಜಗಳ ನಡೀತಿದೆ, ಹಾಗಾಗಿ ಇನ್ನೂ ಕಳಿಸಿಲ್ಲ. ಹೋದ ಭಾನುವಾರ ಸುಮ್ಮನೆ ಬಾಗಿಲ ಪಕ್ಕದ ಕಪ್ಪು ಹಲಗೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟೆ. ಆ ಹುಡುಗ ಬಂದ. ಈ ಸಲ ತಂಗಿಯನ್ನ ಕೇಳಲಿಲ್ಲ. ‘ಓ... ದು... ಮ... ನೆ.’ ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸಿದ.

‘ಮನೆ ಅಂದ್ಮೇಲೆ ಚಪ್ಲಿ ಆಚೆ ಬಿಡ್ಬೇಕೇನಕ್ಕಾ?’