ಬ್ಯಾಟರಿ ಹೊಸದು, ದೀಪ ಯಾಕೆ?

ಬ್ಯಾಟರಿ ಬದಲಿಸಿ ಕೀಲಿ ತಿರುಗಿಸಿದರೆ ಸ್ಟೀರಿಂಗ್ ದೀಪ, ಜಾರುವ ಕಾರಿನ ಚಿತ್ರದ ಹಳದಿ ದೀಪ ಎರಡೂ ಉರಿಯುತ್ತವೆ. ಅಂಗಡಿಯವನು ಏನೋ ಕೆಡಿಸಿದ ಎಂಬ ಅನುಮಾನ ಸಹಜ. ಎಷ್ಟೋ ಸಲ ಪಾಪ, ಅವನ ತಪ್ಪಿರುವುದಿಲ್ಲ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರ್, ಹಲವು ಕಾರುಗಳಲ್ಲಿ, ಕರೆಂಟು ತಪ್ಪಿದೊಡನೆ ‘ನೇರ’ ಯಾವುದೆಂಬುದನ್ನೇ ಮರೆಯುತ್ತದೆ. ಇಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಮಧ್ಯಕ್ಕೆ ತಂದು, ಸ್ವಲ್ಪ ದೂರ ನೇರವಾಗಿ ಓಡಿಸಿದರೆ ಅನೇಕ ಮಾದರಿಗಳಲ್ಲಿ ದೀಪ ತಾನೇ ಆರುತ್ತದೆ.

ಆರದಿದ್ದರೆ ವರ್ಕ್‌ಶಾಪೇ ಗತಿ. ಅಲ್ಲಿ ಬಲ್ಲ ಮೆಕ್ಯಾನಿಕ್ ಮೊದಲು ಕೈಗೆತ್ತಿಕೊಳ್ಳುವುದು ಮಲ್ಟಿಮೀಟರನ್ನು. ಇಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಟರ್ಮಿನಲ್ ಸಡಿಲವಾಗಿದ್ದರೆ ಮುಂದಿನದ್ದೆಲ್ಲ ವ್ಯರ್ಥ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಕೋಡುಗಳನ್ನು ಬರೆದುಕೊಂಡೇ ಅಳಿಸುತ್ತಾನೆ. ಸಮತಟ್ಟು ನೆಲದಲ್ಲಿ ಚಕ್ರ ನೇರವಿಟ್ಟು ಸೆನ್ಸರಿಗೆ ಸೊನ್ನೆ ಕಲಿಸುತ್ತಾನೆ.

ಜಂಪ್‌ಸ್ಟಾರ್ಟ್ ವೇಳೆ ವೋಲ್ಟೇಜ್ ಕುಸಿದದ್ದಕ್ಕಷ್ಟೇ ದಾಖಲಾದ ಕೋಡು ಒಮ್ಮೆ ಅಳಿಸಿದರೆ ಮರಳುವುದಿಲ್ಲ. ಅದೇ ಕೋಡು ಮತ್ತೆ ಬಂತೆಂದರೆ ನಿಜವಾದ ದೋಷವಿದೆ. ಕೇಬಲ್ ಅದಲುಬದಲಾಗಿ ಸಿಕ್ಕಿಸಿದ್ದರಂತೂ ಮೊದಲು ನೋಡಬೇಕಾದ್ದು ಸುಟ್ಟ ಫ್ಯೂಸನ್ನು.